ದೊಡ್ಡ ಗಿರಾಕಿ ಬೇರೆ, ಮುಖ್ಯ ಗಿರಾಕಿ ಬೇರೆ: ಸಣ್ಣ ಕಾರ್ಖಾನೆಗೆ ಕೀ ಅಕೌಂಟ್ ನಿಭಾಯಿಸುವ ದಾರಿ

ಪೀಣ್ಯದಲ್ಲೋ, ಬೆಳಗಾವಿಯ ಉದ್ಯಮಬಾಗ್‌ನಲ್ಲೋ ಯಾವುದಾದರೂ ಮಷಿನ್ ಶಾಪ್‌ಗೆ ಹೋಗಿ "ನಿಮ್ಮ ಮುಖ್ಯ ಗಿರಾಕಿ ಯಾರು?" ಅಂತ ಕೇಳಿ. ಯಾರಿಗೆ ಬಿಲ್ ಜಾಸ್ತಿ ಆಗುತ್ತದೋ ಅವರ ಹೆಸರು ಥಟ್ಟನೆ ಬರುತ್ತದೆ. ಮಾಲೀಕರ ಸಮಯ, ಒಳ್ಳೆಯ ಆಪರೇಟರ್, ಹೊಸ ಮಷಿನ್, ಎಲ್ಲವೂ ಆ ಹೆಸರಿಗೇ ಹೋಗುತ್ತವೆ. ಕೀ ಅಕೌಂಟ್ ಮ್ಯಾನೇಜ್‌ಮೆಂಟ್ ಎನ್ನುವುದು ಈ ಅಭ್ಯಾಸವನ್ನು ಪ್ರಶ್ನಿಸುವುದರಿಂದಲೇ ಶುರುವಾಗಬೇಕು. ಎಲ್ಲ ಗಿರಾಕಿಗಳಿಗೂ ಒಂದೇ ಥರ ಸಮಯ ಕೊಡಲು ಆಗುವುದಿಲ್ಲ. ಹಾಗಾದರೆ ಯಾರಿಗೆ ಕೊಡಬೇಕು, ಕೊಟ್ಟ ಸಮಯದಲ್ಲಿ ಏನು ಮಾಡಬೇಕು ಎನ್ನುವುದಷ್ಟೇ ಇಲ್ಲಿಯ ವಿಷಯ.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಇದು ಲೆಕ್ಕಕ್ಕಾಗಿ ನಾನೇ ಕಟ್ಟಿದ ಉದಾಹರಣೆ, ಅಂಕಿಗಳನ್ನು ದುಂಡು ಮಾಡಿದ್ದೇನೆ. ಇಪ್ಪತ್ತು ಚಿಲ್ಲರೆ ಜನ ಕೆಲಸ ಮಾಡುವ ಒಂದು ಸಿಎನ್‌ಸಿ ಶಾಪ್. ವರ್ಷದ ವಹಿವಾಟು 6 ಕೋಟಿ. ಅದರಲ್ಲಿ 2.4 ಕೋಟಿ ಒಂದು ಟ್ರ್ಯಾಕ್ಟರ್ ಕಂಪನಿಯಿಂದ ಬರುತ್ತದೆ, ಅವರಿಗೆ ಸಾದಾ ಬುಷ್‌ಗಳು ಹೋಗುತ್ತವೆ. 1.2 ಕೋಟಿ ಒಂದು ಹೈಡ್ರಾಲಿಕ್ ಪಂಪ್ ಕಂಪನಿಯಿಂದ, ಅವರಿಗೆ ವಾಲ್ವ್ ಒಳಗೆ ಕೂರುವ ಸ್ಪೂಲ್ ಹೋಗುತ್ತದೆ. ಮಿಕ್ಕಿದ್ದು ಚಿಲ್ಲರೆ ಆರ್ಡರ್‌ಗಳು.

ಮೊದಲ ಹೆಜ್ಜೆ: ಕೈಗೆ ಉಳಿಯುವುದೆಷ್ಟು ನೋಡಿ

ಟ್ರ್ಯಾಕ್ಟರ್ ಕಂಪನಿಯ 240 ಲಕ್ಷದಲ್ಲಿ ಕಬ್ಬಿಣಕ್ಕೆ 120 ಲಕ್ಷ, ಮಷಿನಿಂಗ್‌ಗೆ 72 ಲಕ್ಷ ಹೋಯಿತು ಅನ್ನಿ. 48 ಲಕ್ಷ ಉಳಿಯಿತು. ಪಂಪ್ ಕಂಪನಿಯ 120 ಲಕ್ಷದಲ್ಲಿ ಕಬ್ಬಿಣಕ್ಕೆ 34, ಗ್ರೈಂಡಿಂಗ್, ಹೀಟ್ ಟ್ರೀಟ್‌ಮೆಂಟ್ ಎಲ್ಲ ಸೇರಿ 60. ಉಳಿದದ್ದು 26 ಲಕ್ಷ. ಹೆಚ್ಚಿನವರ ಲೆಕ್ಕ ಇಲ್ಲಿಗೇ ಮುಗಿಯುತ್ತದೆ. 48 ದೊಡ್ಡದು, 26 ಚಿಕ್ಕದು.

ಆದರೆ ಗಿರಾಕಿಯನ್ನು ಸಂಭಾಳಿಸುವ ಖರ್ಚು ಇದರಲ್ಲಿ ಬಂದೇ ಇಲ್ಲ. ಅದು ಲೆಡ್ಜರ್‌ನಲ್ಲಿ ಬಡ್ಡಿ, ಸಾಗಣೆ, ಸಂಬಳ ಅಂತ ಬೇರೆ ಬೇರೆ ತಲೆಗಳಡಿ ಚದುರಿ ಕೂತಿರುತ್ತದೆ. ಅದನ್ನು ಹೆಕ್ಕಿ ತೆಗೆಯಬೇಕು. ಟ್ರ್ಯಾಕ್ಟರ್ ಕಂಪನಿ 90 ದಿನಕ್ಕೆ ದುಡ್ಡು ಕೊಡುತ್ತದೆ. ಅಂದರೆ ಯಾವಾಗಲೂ ಸುಮಾರು 59 ಲಕ್ಷ ಅವರ ಹತ್ತಿರ ಸಿಕ್ಕಿಕೊಂಡಿರುತ್ತದೆ. ಬ್ಯಾಂಕಿನ ಓವರ್‌ಡ್ರಾಫ್ಟ್, ಅಂದರೆ ಓಡಿ ಮೇಲೆ ಶೇ. 12 ಬಡ್ಡಿ ಹಿಡಿದರೆ ವರ್ಷಕ್ಕೆ 7 ಲಕ್ಷ. ಶೆಡ್ಯೂಲ್ ದಿಢೀರನೆ ಬದಲಾದಾಗ ಅರ್ಧ ತುಂಬಿದ ಗಾಡಿ ಕಳಿಸಿದ್ದಕ್ಕೆ 4 ಲಕ್ಷ. ರಿಜೆಕ್ಷನ್ ಮತ್ತು ಡೆಬಿಟ್ ನೋಟ್ 5 ಲಕ್ಷ. ಅವರಿಗೆಂದೇ ಹದಿನೈದು ದಿನದ ಸ್ಟಾಕ್ ಇಟ್ಟುಕೊಂಡ ಬಡ್ಡಿ ಒಂದೂಕಾಲು ಲಕ್ಷದ ಹತ್ತಿರ. ಅವರ ಪ್ಲಾಂಟ್‌ನಲ್ಲೇ ಕೂತು ಮಾಲು ಬೇರ್ಪಡಿಸುವ ನಮ್ಮ ಹುಡುಗನ ಸಂಬಳ, ಓಡಾಟ ಸೇರಿ 4.7 ಲಕ್ಷ. ಎಲ್ಲ ಕೂಡಿದರೆ 22 ಲಕ್ಷ. ಕೈಗೆ ಬಂದದ್ದು 26 ಲಕ್ಷ.

ಪಂಪ್ ಕಂಪನಿ 45 ದಿನಕ್ಕೆ ಕೊಡುತ್ತದೆ. ಅಲ್ಲಿ ಬಡ್ಡಿ, ಸಾಗಣೆ, ರಿಜೆಕ್ಷನ್ ಎಲ್ಲ ಸೇರಿ 3 ಲಕ್ಷ. ಕೈಗೆ 23 ಲಕ್ಷ. ಅರ್ಧ ವ್ಯಾಪಾರದಲ್ಲಿ ಹತ್ತಿರ ಹತ್ತಿರ ಅಷ್ಟೇ ದುಡ್ಡು!

ಈ ಲೆಕ್ಕಕ್ಕೆ ಸಾಫ್ಟ್‌ವೇರ್ ಬೇಡ. ನಿಮ್ಮ ಮೊದಲ ಐದು ಗಿರಾಕಿಗಳಿಗೆ ಒಂದೊಂದು ಹಾಳೆ, ಅಕೌಂಟೆಂಟ್ ಜೊತೆ ಒಂದು ಮಧ್ಯಾಹ್ನ, ಅಷ್ಟು ಸಾಕು. ತಕರಾರು ಬರುವುದು ಒಂದೇ ಕಡೆ: ಡಿಸ್‌ಪ್ಯಾಚ್‌ನವರು ಯಾವ ಗಾಡಿ ಯಾರಿಗೆ ಹೋಯಿತು ಅಂತ ಬರೆದಿಟ್ಟಿರುವುದಿಲ್ಲ. ಮುಂದಿನ ಮೂರು ತಿಂಗಳಾದರೂ ಗೇಟ್‌ನಲ್ಲಿ ಬರೆಸಿ, ಆಮೇಲೆ ಲೆಕ್ಕ ಹಾಕಿ. ಅಂದಾಜಿನ ಮೇಲೆ ಹಾಕಿದರೆ ನಮಗೆ ಇಷ್ಟವಾದ ಗಿರಾಕಿಯೇ ಗೆಲ್ಲುತ್ತಾನೆ.

ಎರಡನೆಯದು: ಅವರ ಪರ್ಚೇಸ್ ಟೇಬಲ್‌ನಿಂದ ನಿಮ್ಮನ್ನು ನೋಡಿಕೊಳ್ಳಿ

ನಮಗೆ ಅವರು ಮುಖ್ಯ, ಸರಿ. ಅವರಿಗೆ ನಾವು ಏನು? ಇದಕ್ಕೆ ಮ್ಯಾನೇಜ್‌ಮೆಂಟ್ ಸಲಹೆಗಾರ ಪೀಟರ್ ಕ್ರಾಲಿಚ್ 1983ರಲ್ಲಿ ಕೊಟ್ಟ ನಾಲ್ಕು ಮನೆಗಳ ಚೌಕ ಈಗಲೂ ಕೆಲಸಕ್ಕೆ ಬರುತ್ತದೆ. ಅದನ್ನು ಮಾಡಿದ್ದು ಕೊಳ್ಳುವವರಿಗಾಗಿ. ಹಾಗಾಗಿಯೇ ಮಾರುವವರು ಓದಬೇಕು. ಅದರಲ್ಲಿ ಎರಡೇ ಪ್ರಶ್ನೆ. ಈ ಮಾಲಿನಿಂದ ಕಂಪನಿಯ ಲಾಭಕ್ಕೆ ಬೀಳುವ ಪೆಟ್ಟು ಎಷ್ಟು? ಇದು ಬೇರೆ ಕಡೆ ಸಿಗುವುದು ಎಷ್ಟು ಕಷ್ಟ?

ಬುಷ್‌ಗೆ ದುಡ್ಡು ಜಾಸ್ತಿ ಹೋಗುತ್ತದೆ, ಆದರೆ ಪಕ್ಕದ ರಸ್ತೆಯಲ್ಲೇ ಹತ್ತು ಜನ ಮಾಡಿಕೊಡುತ್ತಾರೆ. ಇಂಥದ್ದನ್ನು ಪರ್ಚೇಸ್‌ನವರು ಬೆಲೆ ಹಿಂಡುವ ಮನೆಯಲ್ಲಿ ಇಡುತ್ತಾರೆ. ಸ್ಪೂಲ್ ಹಾಗಲ್ಲ. ಅದರ ಹೊರಮೈಯನ್ನು ಮೈಕ್ರಾನ್ ಲೆಕ್ಕದಲ್ಲಿ ಗ್ರೈಂಡ್ ಮಾಡಬೇಕು. ಸ್ವಲ್ಪ ದಪ್ಪ ಆದರೆ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ಸಣ್ಣ ಆದರೆ ಆಯಿಲ್ ಸೋರುತ್ತದೆ. ಹೊಸ ವೆಂಡರ್ ಹುಡುಕಿದರೆ ಸ್ಯಾಂಪಲ್, ಪಾರ್ಟ್ ಒಪ್ಪಿಗೆಗೆ ಕೊಡುವ ಪಿಪಿಎಪಿ ದಾಖಲೆ, ಪಂಪ್ ಟೆಸ್ಟ್ ಅಂತ ತಿಂಗಳುಗಟ್ಟಲೆ ಹಿಡಿಯುತ್ತದೆ. ಇಲ್ಲಿ ಸಪ್ಲೈಯರ್ ಬದಲಿಸಲು ಅವರಿಗೂ ಮನಸ್ಸಿರುವುದಿಲ್ಲ.

ನೀವು ಯಾವ ಮನೆಯಲ್ಲಿದ್ದೀರಿ ಅಂತ ಯಾರೂ ಹೇಳುವುದಿಲ್ಲ. ಲಕ್ಷಣ ನೋಡಿ ತಿಳಿಯಬೇಕು. ಪ್ರತಿ ಸಲವೂ ಆನ್‌ಲೈನ್ ರಿವರ್ಸ್ ಆಕ್ಷನ್‌ಗೆ ಕರೆಯುತ್ತಾರಾ? ಹಾಗಾದರೆ ನೀವು ಬುಷ್‌ನ ಮನೆಯಲ್ಲಿದ್ದೀರಿ. ಡ್ರಾಯಿಂಗ್ ಅಂತಿಮವಾಗುವ ಮೊದಲೇ ಡಿಸೈನ್‌ನವರು ಫೋನ್ ಮಾಡಿ "ಈ ರೇಡಿಯಸ್ ನಿಮ್ಮಲ್ಲಿ ಆಗುತ್ತಾ?" ಅಂತ ಕೇಳುತ್ತಾರಾ? ಹಾಗಾದರೆ ಸ್ಪೂಲ್‌ನ ಮನೆ.

ಮೊದಲನೆಯ ಥರದ ಗಿರಾಕಿಯ ಮೇಲೆ ಸಂಬಂಧ ಕಟ್ಟುವ ಹೆಸರಿನಲ್ಲಿ ಸಮಯ ಸುರಿಯುವುದು ದಂಡ ಅಂತ ನನ್ನ ಅನುಭವ. ದೀಪಾವಳಿಗೆ ಸ್ವೀಟ್ ಬಾಕ್ಸ್ ಕೊಟ್ಟರೂ ಆಕ್ಷನ್‌ನಲ್ಲಿ ಐವತ್ತು ಪೈಸೆ ಕಡಿಮೆ ಹಾಕಿದವನಿಗೇ ಆರ್ಡರ್ ಹೋಗುತ್ತದೆ. ಅಲ್ಲಿ ಮಾಡಬೇಕಾದ್ದು ಖರ್ಚು ಇಳಿಸುವುದು. ಕೀ ಅಕೌಂಟ್ ಕೆಲಸ ಪಂಪ್ ಕಂಪನಿಯಲ್ಲಿ.

ಮೂರನೆಯದು: ಒಬ್ಬರ ಪರಿಚಯದ ಮೇಲೆ ನಿಲ್ಲಬೇಡಿ

ನಮ್ಮಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಈ ಕಡೆ ಮಾಲೀಕರು, ಆ ಕಡೆ ಒಬ್ಬ ಪರ್ಚೇಸ್ ಮ್ಯಾನೇಜರ್. ಎಲ್ಲ ಮಾತೂ ಇವರಿಬ್ಬರ ನಡುವೆ. ಆ ಮ್ಯಾನೇಜರ್‌ಗೆ ಟ್ರಾನ್ಸ್‌ಫರ್ ಆದ ದಿನ ಹತ್ತು ವರ್ಷದ ಸಂಬಂಧ ಸೊನ್ನೆಗೆ ಬರುತ್ತದೆ. ದೊಡ್ಡ ಕಂಪನಿಗಳು ಪರ್ಚೇಸ್‌ನವರನ್ನು ಬೇಕಂತಲೇ ಆಗಾಗ ಬದಲಿಸುತ್ತವೆ.

ಅದಕ್ಕೇ ಒಂದು ಹಾಳೆಯ ಎಡಗಡೆ ಅವರ ಕಡೆಯ ಜನ, ಬಲಗಡೆ ನಮ್ಮ ಕಡೆಯ ಜನ ಬರೆಯಿರಿ. ಅವರ ಇನ್‌ಕಮಿಂಗ್ ಕ್ವಾಲಿಟಿಗೆ ನಮ್ಮ ಕ್ವಾಲಿಟಿಯವರು. ಅವರ ಡಿಸೈನ್‌ಗೆ ನಮ್ಮ ಪ್ರೊಸೆಸ್ ಎಂಜಿನಿಯರ್. ಸ್ಟೋರ್ಸ್‌ಗೆ ನಮ್ಮ ಡಿಸ್‌ಪ್ಯಾಚ್. ಅಕೌಂಟ್ಸ್‌ಗೆ ನಮ್ಮ ಅಕೌಂಟ್ಸ್. ಎದುರು ಹೆಸರಿಲ್ಲದ ಸಾಲು ಎಷ್ಟಿದೆ ನೋಡಿ. ಅಷ್ಟು ಕಡೆ ನಿಮ್ಮ ಪರವಾಗಿ ಮಾತಾಡುವವರು ಯಾರೂ ಇಲ್ಲ ಅಂತ ಅರ್ಥ.

ಎಲ್ಲರಿಗೂ ಒಂದೇ ಚಿಂತೆ ಇರುವುದಿಲ್ಲ ಎನ್ನುವುದೇ ಇಲ್ಲಿಯ ಗುಟ್ಟು. ಸ್ಟೋರ್ಸ್‌ನವರಿಗೆ ಬೆಲೆ ಬೇಕಿಲ್ಲ. ಡಬ್ಬಿಯ ಮೇಲೆ ಪಾರ್ಟ್ ನಂಬರ್ ಸರಿಯಾಗಿರಬೇಕು, ಒಂದು ಡಬ್ಬಿಯಲ್ಲಿ 50 ಅಂದರೆ 50 ಇರಬೇಕು. ಅಕೌಂಟ್ಸ್‌ನವರ ಚಿಂತೆ ಇನ್ನೊಂದು. ನೀವು ಪ್ರತಿ ತಿಂಗಳು ಸಲ್ಲಿಸುವವರಾದರೆ ಮುಂದಿನ ತಿಂಗಳ 11ರೊಳಗೆ ಮಾರಾಟದ ಲೆಕ್ಕ ತೋರಿಸುವ ಜಿಎಸ್‌ಟಿಆರ್-1 ಹಾಕಬೇಕು. ಹಾಕದಿದ್ದರೆ ನಿಮ್ಮ ಬಿಲ್ ಅವರ ಖರೀದಿಯ ಜಿಎಸ್‌ಟಿ ಪಟ್ಟಿಯಾದ 2ಬಿಯಲ್ಲಿ ಕಾಣುವುದಿಲ್ಲ, ಅವರಿಗೆ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ. ಅವರು ಸುಮ್ನೆ ಪೇಮೆಂಟ್ ತಡೆಹಿಡಿಯುತ್ತಾರೆ. "ಕಂಪನಿ ದುಡ್ಡು ಕೊಡ್ತಿಲ್ಲ" ಅಂತ ಮಾಲೀಕರು ಪರ್ಚೇಸ್ ಮ್ಯಾನೇಜರ್ ಹತ್ತಿರ ಗೋಳು ಹೇಳಿಕೊಳ್ಳುತ್ತಿರುತ್ತಾರೆ. ತಪ್ಪು ತಮ್ಮದೇ ಆಫೀಸಿನ ಮೂಲೆಯಲ್ಲಿ ಕೂತಿರುತ್ತದೆ. ಎರಡೂ ಕಡೆಯ ಅಕೌಂಟ್ಸ್ ಹುಡುಗರು ಫೋನಿನಲ್ಲಿ ಮಾತಾಡುವಷ್ಟು ಪರಿಚಯ ಇದ್ದರೆ ಇದು ಹತ್ತು ನಿಮಿಷದಲ್ಲಿ ಬಗೆಹರಿಯುತ್ತದೆ.

ನಾಲ್ಕನೆಯದು: ಬೆಲೆಯನ್ನು ಸೂತ್ರಕ್ಕೆ ಕಟ್ಟಿಹಾಕಿ

ವರ್ಷಗಟ್ಟಲೆ ನಡೆಯುವ ಸಂಬಂಧ ಕೆಡುವುದು ಸಾಮಾನ್ಯವಾಗಿ ಎರಡು ಸಂದರ್ಭದಲ್ಲಿ. ಉಕ್ಕಿನ ಬೆಲೆ ಏರಿದಾಗ ನಾವು ಜಾಸ್ತಿ ಕೇಳುತ್ತೇವೆ. ಏಪ್ರಿಲ್ ಬಂದಾಗ ಅವರು ಕಡಿಮೆ ಕೇಳುತ್ತಾರೆ. ಎರಡನ್ನೂ ಪ್ರತಿ ಸಲ ಹೊಸದಾಗಿ ಚೌಕಾಸಿ ಮಾಡುವುದಕ್ಕಿಂತ ಒಮ್ಮೆ ಕೂತು ಬರೆದಿಟ್ಟುಕೊಳ್ಳುವುದು ಮೇಲು.

ನಮ್ಮ ಸ್ಪೂಲ್‌ನ ಬೆಲೆ ₹186, ವರ್ಷಕ್ಕೆ 60,000 ಪೀಸ್ ಹೋಗುತ್ತದೆ ಅನ್ನಿ. ಒಂದಕ್ಕೆ 600 ಗ್ರಾಂ ಬಾರ್ ಬೇಕು. ಕಿಲೋಗೆ ₹95ರಂತೆ ₹57. ಅದರಲ್ಲಿ 250 ಗ್ರಾಂ ಚಿಪ್ಸ್ ಆಗಿ ಹೋಗುತ್ತದೆ. ಅದನ್ನು ಗುಜರಿಗೆ ಕಿಲೋಗೆ ₹30ರಂತೆ ಮಾರಿದರೆ ₹7.50 ವಾಪಸ್. ಅಂದರೆ ಮೆಟೀರಿಯಲ್ ನಿವ್ವಳ ₹49.50. ಉಳಿದ ₹136.50 ನಮ್ಮ ಕೆಲಸದ ಬೆಲೆ.

ಮೂರು ತಿಂಗಳಿಗೊಮ್ಮೆ ಬಾರ್‌ನ ದರ ನೋಡುವುದು, ಶೇ. 3ಕ್ಕಿಂತ ಜಾಸ್ತಿ ಏರಿಳಿದರೆ ಮಾತ್ರ ಮೆಟೀರಿಯಲ್ ಭಾಗವನ್ನು ಬದಲಿಸುವುದು ಅಂತ ಒಪ್ಪಂದ. ಬಾರ್ ₹105, ಗುಜರಿ ₹32 ಆಯಿತು. ಹೊಸ ಲೆಕ್ಕ: ₹63ರಲ್ಲಿ ₹8 ಕಳೆದರೆ ₹55. ಪೀಸ್‌ಗೆ ₹5.50 ಜಾಸ್ತಿ. ಯಾರೂ ಯಾರನ್ನೂ ಬೇಡುವ ಪ್ರಶ್ನೆ ಇಲ್ಲ. ದರ ಎಲ್ಲಿಂದ ತೆಗೆದುಕೊಳ್ಳುವುದು ಎಂಬುದನ್ನೂ ಬರೆಯಿರಿ, ಉದಾಹರಣೆಗೆ ಇಂಥ ಮಿಲ್‌ನ ಇನ್‌ವಾಯ್ಸ್ ಅಂತ. ಗುಜರಿಯ ದುಡ್ಡನ್ನು ಮುಚ್ಚಿಡುವ ಆಸೆ ಬರುತ್ತದೆ. ಬೇಡ. ಅವರ ಕಾಸ್ಟಿಂಗ್ ವಿಭಾಗಕ್ಕೆ ಬಾರ್‌ನ ತೂಕವೂ ಗೊತ್ತು, ಪೀಸ್‌ನ ತೂಕವೂ ಗೊತ್ತು. ಕಳೆಯುವ ಲೆಕ್ಕ ಅವರಿಗೂ ಬರುತ್ತೆ ಅಲ್ವಾ? ಇನ್ನೊಂದು ಮಾತು: ದರ ಇಳಿದಾಗ ನೀವಾಗಿಯೇ ಪತ್ರ ಬರೆದು ಇಳಿಸಿ. ಏರಿದಾಗ ನಿಮ್ಮ ಪತ್ರವನ್ನು ಪ್ರಶ್ನೆ ಮಾಡದೆ ಒಪ್ಪುವಂತೆ ಮಾಡುವುದು ಇದೇ.

ಇನ್ನು ಏಪ್ರಿಲ್‌ನ ಕಡಿತ. ವರ್ಷಕ್ಕೆ ಶೇ. 2 ಇಳಿಸಿ ಎಂದರೆ ₹186ರ ಮೇಲೆ ₹3.72 ಆಗುತ್ತದೆ. ಆದರೆ ಉಕ್ಕಿನ ಬೆಲೆ ನಮ್ಮ ಕೈಯಲ್ಲಿಲ್ಲ. ಕಡಿತ ನಮ್ಮ ಕೆಲಸದ ಬೆಲೆಗೆ ಮಾತ್ರ ಅಂತ ಬರೆಸಿಕೊಂಡರೆ ₹2.73. ಪೀಸ್‌ಗೆ ಒಂದು ರೂಪಾಯಿ ಅಂತರ, 60,000 ಪೀಸ್‌ಗೆ ಹತ್ತಿರ ಹತ್ತಿರ 60 ಸಾವಿರ. ಅದಕ್ಕಿಂತ ಮುಖ್ಯವಾಗಿ, ಕಡಿತವನ್ನು ಯಾವುದಾದರೂ ಒಂದು ಬದಲಾವಣೆಗೆ ಜೋಡಿಸಿ. ಯಾರಿಗೂ ಬೇಡದ ಒಂದು ಬಿಗಿ ಟಾಲರೆನ್ಸ್ ಸಡಿಲಿಸಿದರೆ ಗ್ರೈಂಡಿಂಗ್ ಸಮಯ ಉಳಿಯುತ್ತದೆ. ಆ ಉಳಿತಾಯದಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಡಿಸೈನ್‌ನವರ ಪರಿಚಯ ಇಲ್ಲದಿದ್ದರೆ ಈ ಮಾತು ಎತ್ತಲು ಆಗುವುದೇ ಇಲ್ಲ. ಪರ್ಚೇಸ್‌ನವರಿಗೆ ಟಾಲರೆನ್ಸ್ ಬದಲಿಸುವ ಅಧಿಕಾರ ಇರುವುದಿಲ್ಲ.

ಮಾಲು ಕೆಟ್ಟ ದಿನ

ಸಂಬಂಧದ ನಿಜವಾದ ಪರೀಕ್ಷೆ ಇಲ್ಲಿ. ಪಂಪ್ ಕಂಪನಿಯ ಅಸೆಂಬ್ಲಿ ಲೈನ್‌ನಿಂದ ಬೆಳಗ್ಗೆ ಹತ್ತಕ್ಕೆ ಫೋನ್ ಬಂತು. ಸ್ಪೂಲ್‌ನ ಅಡ್ಡ ತೂತಿನ ಒಳಅಂಚಿನಲ್ಲಿ ಬರ್ ಇದೆ, ಮೂರು ವಾಲ್ವ್ ಸಿಕ್ಕಿಕೊಂಡಿವೆ, ಲೈನ್ ನಿಂತಿದೆ. ಕೂದಲೆಳೆಯಷ್ಟು ಲೋಹ, ಬರಿಗಣ್ಣಿಗೆ ಕಾಣುವುದಿಲ್ಲ.

ಆ ಹೊತ್ತಿನಲ್ಲಿ ಕಾರಣ ಹುಡುಕಲು ಕೂರಬಾರದು. ಮೊದಲು ಎಣಿಕೆ. ಅವರ ಲೈನ್‌ನಲ್ಲಿ ಎಷ್ಟು, ಸ್ಟೋರ್ಸ್‌ನಲ್ಲಿ ಎಷ್ಟು, ದಾರಿಯಲ್ಲಿರುವ ಗಾಡಿಯಲ್ಲಿ ಎಷ್ಟು, ನಮ್ಮ ಶೆಲ್ಫ್‌ನಲ್ಲಿ ಎಷ್ಟು. ಗಾಡಿಯನ್ನು ಅಲ್ಲೇ ನಿಲ್ಲಿಸಿ. ಇಬ್ಬರು ಹುಡುಗರನ್ನು ಮ್ಯಾಗ್ನಿಫೈಯರ್ ಮತ್ತು ಡಿಬರಿಂಗ್ ಬ್ರಷ್ ಜೊತೆ ಕಳಿಸಿ. ಒಂದೊಂದು ಪೀಸ್ ನೋಡಿ, ಸರಿಯಿದ್ದದ್ದಕ್ಕೆ ತುದಿಯಲ್ಲಿ ಹಸಿರು ಚುಕ್ಕೆ ಇಡಬೇಕು. ಮಧ್ಯಾಹ್ನದೊಳಗೆ ಚುಕ್ಕೆ ಇಟ್ಟ ಮುನ್ನೂರು ಪೀಸ್ ಸಿಕ್ಕರೆ ಲೈನ್ ಓಡುತ್ತದೆ. 24 ಗಂಟೆಯೊಳಗೆ "ಇಷ್ಟು ಪೀಸ್ ಸಿಕ್ಕಿವೆ, ಇಷ್ಟು ಬೇರ್ಪಡಿಸಿದ್ದೇವೆ, ಹೊಸ ಮಾಲಿಗೆ ಈ ಗುರುತು ಇರುತ್ತದೆ" ಅಂತ ಒಂದು ಪುಟದ ಮೇಲ್.

ಕಾರಣದ ಸರದಿ ಆಮೇಲೆ. ನಮ್ಮ ಉದಾಹರಣೆಯಲ್ಲಿ ಡ್ರಿಲ್ ಅನ್ನು 400 ಪೀಸ್‌ಗೆ ಬದಲಿಸಬೇಕಿತ್ತು. ರಾತ್ರಿ ಪಾಳಿಯಲ್ಲಿ ಸ್ಟೋರ್ ಬೀಗ ಹಾಕಿದ್ದರಿಂದ 700ರವರೆಗೆ ಓಡಿಸಿದ್ದರು. ಮೊಂಡಾದ ಡ್ರಿಲ್ ಬರ್ ಎಬ್ಬಿಸಿತು. ತಪ್ಪಿನ ಕಾರಣ, ಪರಿಹಾರ ಬರೆದುಕೊಡುವ 8ಡಿ ವರದಿಯಲ್ಲಿ ಹೆಚ್ಚಿನವರು ಬರೆಯುವುದು "ಆಪರೇಟರ್ ನಿರ್ಲಕ್ಷ್ಯ, ತರಬೇತಿ ಕೊಟ್ಟಿದ್ದೇವೆ" ಅಂತ. ಇದನ್ನು ಓದಿದ ಕ್ವಾಲಿಟಿ ಎಂಜಿನಿಯರ್‌ಗೆ ಇದು ಮತ್ತೆ ಆಗುತ್ತದೆ ಅಂತ ಆಗಲೇ ಗೊತ್ತಾಗಿಬಿಡುತ್ತದೆ. ಮಷಿನ್ ಪಕ್ಕದಲ್ಲೇ ಎರಡು ಹೊಸ ಡ್ರಿಲ್ ಇಡುವುದು, 400ಕ್ಕೆ ಮಷಿನ್ ತಾನೇ ನಿಲ್ಲುವಂತೆ ಕಂಟ್ರೋಲರ್‌ನಲ್ಲಿ ಟೂಲ್ ಲೈಫ್ ಎಣಿಕೆ ಹಾಕುವುದು, ಇದು ಉತ್ತರ. ಆ ಎಂಜಿನಿಯರ್‌ನ್ನೇ ಕರೆದು ತೋರಿಸಿ. ಆ ಭೇಟಿಯಿಂದ ಹುಟ್ಟುವ ನಂಬಿಕೆ ಹತ್ತು ಪ್ರೆಸೆಂಟೇಷನ್‌ನಿಂದ ಹುಟ್ಟುವುದಿಲ್ಲ.

ತಡವಾಗುವ ದುಡ್ಡು

ಟ್ರ್ಯಾಕ್ಟರ್ ಕಂಪನಿಯ 90 ದಿನಕ್ಕೆ ಏನು ಮಾಡುವುದು? ಕಾನೂನು ನಿಮ್ಮ ಕಡೆ ಇದೆ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ, ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಬರಬೇಕು. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2023-24ರ ಆರ್ಥಿಕ ವರ್ಷದಿಂದ ಇನ್ನೊಂದು ಬಿಗಿ ಬಂದಿದೆ: ಈ ಅವಧಿ ಮೀರಿಸಿದ ಬಿಲ್ಲಿನ ಖರ್ಚನ್ನು, ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ಕೊಳ್ಳುವ ಕಂಪನಿ ಆದಾಯ ತೆರಿಗೆಯಲ್ಲಿ ತೋರಿಸಬಹುದು. ಮಧ್ಯಮ ಘಟಕಗಳಿಗೆ ಈ ರಕ್ಷಣೆ ಇಲ್ಲ.

ಹಾಗಂತ ನಡೆಯುತ್ತಿರುವ ಗಿರಾಕಿಯ ಮೇಲೆ ದೂರು ಕೊಡುವವರು ಕಮ್ಮಿ. ದೂರು ಕೊಟ್ಟ ದಿನ ಆರ್ಡರ್ ನಿಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತು. ಮೆತ್ತಗಿನ ದಾರಿ ಟ್ರೆಡ್ಸ್. ಆರ್‌ಎಕ್ಸ್‌ಐಎಲ್, ಇನ್‌ವಾಯ್ಸ್‌ಮಾರ್ಟ್‌ನಂಥ ವೇದಿಕೆಯಲ್ಲಿ ಬಿಲ್ ಹಾಕುತ್ತೀರಿ, ಕಂಪನಿ ಒಪ್ಪಿಗೆ ಕೊಡುತ್ತದೆ, ಬ್ಯಾಂಕ್‌ಗಳು ಬಡ್ಡಿ ದರ ಕೂಗುತ್ತವೆ. ಒಪ್ಪಿದರೆ ಒಂದೆರಡು ದಿನದಲ್ಲಿ ದುಡ್ಡು. ಆ ದರ ನಿಮ್ಮ ಸಾಲದ ಹೆಸರಿನ ಮೇಲಲ್ಲ, ದೊಡ್ಡ ಕಂಪನಿಯ ಹೆಸರಿನ ಮೇಲೆ ನಿಲ್ಲುವುದರಿಂದ ಸಾಮಾನ್ಯವಾಗಿ ಓಡಿಗಿಂತ ಕಡಿಮೆ. 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು ಇಲ್ಲಿ ನೋಂದಣಿ ಮಾಡಲೇಬೇಕು. ಆದರೆ ನೋಂದಣಿ ಆದ ಮಾತ್ರಕ್ಕೆ ಬಿಲ್ ಒಪ್ಪುತ್ತಾರೆ ಅಂತಲ್ಲ. ಒಪ್ಪಿಸುವುದೂ ಅಕೌಂಟ್ಸ್‌ನವರ ಪರಿಚಯದ ಕೆಲಸವೇ.

ನಮ್ಮ ಉದಾಹರಣೆಯಲ್ಲಿ ಶೇ. 9ಕ್ಕೆ ಸಿಕ್ಕಿತು ಅನ್ನಿ. 7 ಲಕ್ಷದ ಬಡ್ಡಿ 5.3 ಲಕ್ಷಕ್ಕೆ ಇಳಿಯಿತು. ಏಳು ದಿನದೊಳಗೆ ಶೆಡ್ಯೂಲ್ ಬದಲಿಸಿದರೆ ಗಾಡಿ ಬಾಡಿಗೆ ಅವರದು ಎಂದು ಬರೆಸಿದ್ದರಿಂದ 2 ಲಕ್ಷ ಉಳಿಯಿತು. ಪ್ಲಾಂಟ್‌ನಲ್ಲಿ ಕೂರುವ ಹುಡುಗನನ್ನು ಇನ್ನೊಬ್ಬ ಸಪ್ಲೈಯರ್ ಜೊತೆ ಹಂಚಿಕೊಂಡಿದ್ದಕ್ಕೆ ಇನ್ನೂ ಒಂದೂಕಾಲು ಲಕ್ಷ. 22 ಲಕ್ಷದ ಖರ್ಚು 17ಕ್ಕೆ ಬಂತು. ಬೆಲೆ ಒಂದು ಪೈಸೆ ಏರಿಸಲಿಲ್ಲ.

ಎಷ್ಟು ಹತ್ತಿರ ಹೋಗಬಹುದು?

1997ರ ಫೆಬ್ರವರಿ 1ರಂದು ಜಪಾನಿನ ಕಾರಿಯಾದಲ್ಲಿ ಐಸಿನ್ ಸೇಕಿ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟಾ ಕಾರಿನ ಬ್ರೇಕ್‌ಗೆ ಬೇಕಾದ ಪಿ-ವಾಲ್ವ್ ಎಂಬ ಅಂಗೈಯಗಲದ ಭಾಗ ಹೆಚ್ಚುಕಮ್ಮಿ ಪೂರ್ತಿ ಅಲ್ಲಿಂದಲೇ ಬರುತ್ತಿತ್ತು. ಸ್ಟಾಕ್ ಇದ್ದದ್ದು ಗಂಟೆಗಳ ಲೆಕ್ಕದಲ್ಲಿ. ಜಪಾನಿನಲ್ಲಿ ಟೊಯೋಟಾ ಲೈನ್‌ಗಳು ನಿಂತವು. ಐಸಿನ್ ಡ್ರಾಯಿಂಗ್‌ಗಳನ್ನು ಹಂಚಿತು. ಹತ್ತಾರು ಸಪ್ಲೈಯರ್‌ಗಳು, ಕೊನೆಗೆ ಹೊಲಿಗೆ ಯಂತ್ರ ಮಾಡುವ ಬ್ರದರ್ ಕಂಪನಿ ಕೂಡ, ತಮ್ಮ ಮಷಿನ್‌ಗಳಲ್ಲಿ ಆ ವಾಲ್ವ್ ಮಾಡಲು ನಿಂತರು. ದುಡ್ಡಿನ ಮಾತು ಆಮೇಲೆ ಇಟ್ಟುಕೊಂಡರು. ಒಂದು ವಾರದ ಆಸುಪಾಸಿನಲ್ಲಿ ಉತ್ಪಾದನೆ ಬಹುತೇಕ ಹಳಿಗೆ ಬಂತು.

ಇದನ್ನು ದೀರ್ಘಕಾಲದ ಸಂಬಂಧದ ಗೆಲುವು ಅಂತಲೇ ಹೆಚ್ಚಾಗಿ ಹೇಳುತ್ತಾರೆ. ಅದು ನಿಜ. ಆದರೆ ಒಬ್ಬರನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದೂ ಇದರಲ್ಲೇ ಇದೆ. ಪಂಪ್ ಕಂಪನಿ ನಾಳೆ ಎರಡನೇ ಸಪ್ಲೈಯರ್ ಬೇಕು ಎಂದರೆ ಅದನ್ನು ದ್ರೋಹ ಅಂತ ತಿಳಿಯಬೇಡಿ. ಶೇ. 70 ನಮಗೆ, 30 ಅವರಿಗೆ ಎಂಬ ಹಂಚಿಕೆಯನ್ನು ಬರಹದಲ್ಲಿ ಕೇಳಿ. ನಮ್ಮ ಕಡೆಯಿಂದಲೂ ಒಂದು ಗೆರೆ ಇರಲಿ. ಒಬ್ಬ ಗಿರಾಕಿ ವಹಿವಾಟಿನ ಮೂರನೇ ಒಂದು ಭಾಗ ದಾಟಿದರೆ ನನಗಂತೂ ನಿದ್ದೆ ಬರುವುದಿಲ್ಲ. ಅವರಿಗೆಂದೇ ವಿಶೇಷ ಮಷಿನ್ ತರುವುದಾದರೆ ಕಂತು ತೀರುವಷ್ಟು ವರ್ಷದ ಕನಿಷ್ಠ ಆರ್ಡರ್ ಬರಹದಲ್ಲಿ ಇರಲಿ, ಇಲ್ಲವೇ ಟೂಲಿಂಗ್ ಖರ್ಚು ಅವರೇ ಕೊಡಲಿ.

ಪಟ್ಟಿಯಿಂದ ಹೆಸರು ತೆಗೆಯುವುದು ಯಾವಾಗ

ಯಾವ ಗಿರಾಕಿಯೂ ಶಾಶ್ವತವಾಗಿ ಕೀ ಅಕೌಂಟ್ ಅಲ್ಲ. ಮೂರು ತಿಂಗಳಿಗೊಮ್ಮೆ ಮೊದಲ ಹೆಜ್ಜೆಯ ಹಾಳೆಯನ್ನು ಹೊರಗೆ ತೆಗೆಯಿರಿ. ಡಿಸೈನ್‌ನವರ ಫೋನ್ ನಿಂತಿದೆಯೇ, ಹೊಸ ಮಾಡೆಲ್‌ನ ಡ್ರಾಯಿಂಗ್ ನಮಗೆ ಬಾರದೆ ಬೇರೆಯವರಿಗೆ ಹೋಗಿದೆಯೇ, ಅವರು ಕೊಡುವ ಮೂರು ತಿಂಗಳ ಅಂದಾಜಿಗೂ ನಿಜವಾದ ಆರ್ಡರ್‌ಗೂ ತಾಳೆಯೇ ಆಗುತ್ತಿಲ್ಲವೇ, ನೋಡಿ. ಎರಡು ತ್ರೈಮಾಸಿಕ ಹೀಗೇ ಆದರೆ ಅವರನ್ನು ಮಾಮೂಲಿ ಗಿರಾಕಿಯ ಸಾಲಿಗೆ ಸೇರಿಸಿ. ಜಗಳ ಬೇಡ, ಸಪ್ಲೈ ನಿಲ್ಲಿಸುವುದೂ ಬೇಡ. ವಿಶೇಷ ಸ್ಟಾಕ್ ಇಡುವುದನ್ನು ನಿಲ್ಲಿಸಿ, ಸಂಭಾಳಿಸುವ ಖರ್ಚು ಸೇರಿಸಿದ ಬೆಲೆಯನ್ನು ಆರು ತಿಂಗಳ ಮುಂಚೆಯೇ ಬರಹದಲ್ಲಿ ತಿಳಿಸಿ. ಬಿಡುವಾದ ಪ್ರೊಸೆಸ್ ಎಂಜಿನಿಯರ್‌ನ್ನು ಪಟ್ಟಿಯ ಮುಂದಿನ ಹೆಸರಿಗೆ ಕೊಡಿ.